ನಮ್ಮ ರೈಬೋಸೋಮ್ ಯಾವುದು, ಬ್ಯಾಕ್ಟೀರಿಯಾದ್ದು ಯಾವುದು: ಮಾತ್ರೆಗೆ ಹೇಗೆ ಗೊತ್ತಾಗುತ್ತದೆ?

ಕಳೆದ ಮಳೆಗಾಲದಲ್ಲಿ ಮಗಳಿಗೆ ಗಂಟಲು ನೋವು, ಜ್ವರ ಬಂತು. ಅವಳಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಹಾಗಾಗಿ ಡಾಕ್ಟರ್ ಅಜಿತ್ರೋಮೈಸಿನ್ ಬರೆದುಕೊಟ್ಟರು. ಅವಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ, ಆಗಷ್ಟೇ ಕಾಲೇಜಿನಲ್ಲಿ ಜೀವಕೋಶದ ಪಾಠ ಮುಗಿದಿತ್ತು. ರಾತ್ರಿ ಮಾತ್ರೆ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: "ಅಮ್ಮಾ, ಇದು ಬ್ಯಾಕ್ಟೀರಿಯಾದ ರೈಬೋಸೋಮನ್ನು ನಿಲ್ಲಿಸುತ್ತೆ ಅಂತಾರೆ. ರೈಬೋಸೋಮ್ ನಮ್ಮ ಜೀವಕೋಶದಲ್ಲೂ ಇದೆ ಅಲ್ವಾ? ಅದು ಯಾಕೆ ನಿಲ್ಲಲ್ಲ?"

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಔಷಧಿಗಳು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತವೋ ಇಲ್ಲವೋ ಅಂತ ನೋಡುವುದೇ ನನ್ನ ದಿನದ ಕೆಲಸ. ಆದರೂ ಅವಳಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. "ಮೊದಲು ಮಾತ್ರೆ ನುಂಗು, ಆಮೇಲೆ ಕೂತು ಹೇಳ್ತೀನಿ" ಅಂದೆ. ಆಮೇಲೆ ಹೇಳಿದ್ದನ್ನು ಇಲ್ಲಿ ಇನ್ನೊಂದಿಷ್ಟು ಬಿಡಿಸಿ ಬರೆದಿದ್ದೇನೆ.

## ಹಾರ ಕಟ್ಟುವ ಜಾಗ

ನಮ್ಮ ದೇಹದ ಬಹುಪಾಲು ಕೆಲಸ ಮಾಡುವುದು ಪ್ರೋಟೀನುಗಳು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಊಟ ಕರಗಿಸುವ ಕಿಣ್ವಗಳು, ಎಲ್ಲವೂ ಪ್ರೋಟೀನುಗಳೇ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ. ಅಮೈನೋ ಆಮ್ಲಗಳಲ್ಲಿ 20 ಬಗೆ. ಯಾವುದರ ಪಕ್ಕ ಯಾವುದು ಬರಬೇಕು ಅನ್ನುವುದರಲ್ಲೇ ಒಂದು ಪ್ರೋಟೀನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ.

ಈ ಸರ ಪೋಣಿಸುವ ಯಂತ್ರವೇ ರೈಬೋಸೋಮ್. ಮಾರ್ಕೆಟ್ಟಿನಲ್ಲಿ ಹಾರ ಕಟ್ಟುವವರನ್ನು ನೋಡಿರುತ್ತೀರಿ. ಮುಂದೆ ಒಂದು ಚೀಟಿ ಇದೆ, ಅದರಲ್ಲಿ ಎರಡು ಸೇವಂತಿಗೆ, ಒಂದು ಗುಲಾಬಿ, ಆಮೇಲೆ ಮರುಗ ಅಂತ ಸಾಲಾಗಿ ಬರೆದಿದೆ ಅಂದುಕೊಳ್ಳಿ. ಚೀಟಿ ಓದುತ್ತಾ, ಪಕ್ಕದವರು ಎತ್ತಿಕೊಡುವ ಹೂವನ್ನು ತೆಗೆದುಕೊಂಡು ಕಟ್ಟುತ್ತಾ ಹೋಗಬೇಕು. ಜೀವಕೋಶದಲ್ಲಿ ಚೀಟಿಯ ಹೆಸರು ಎಂಆರ್‌ಎನ್‌ಎ. ಅದು ಡಿಎನ್‌ಎಯಿಂದ ನಕಲು ಮಾಡಿಕೊಂಡ ಒಂದು ಪ್ರತಿ. ಹೂವನ್ನು ಎತ್ತಿಕೊಡುವ ಕೈಯ ಹೆಸರು ಟಿಆರ್‌ಎನ್‌ಎ. ಚೀಟಿಯಲ್ಲಿ ಮೂರು ಮೂರು ಅಕ್ಷರ ಸೇರಿದರೆ ಒಂದು ಹೂವಿನ ಹೆಸರು.

ಇಷ್ಟೆಲ್ಲ ಮಾಡುವ ಬ್ಯಾಕ್ಟೀರಿಯಾದ ರೈಬೋಸೋಮಿನ ಅಗಲ ಸುಮಾರು 20 ನ್ಯಾನೋಮೀಟರ್. ಪಕ್ಕ ಪಕ್ಕ ಜೋಡಿಸಿದರೆ ಒಂದು ತಲೆಗೂದಲಿನ ದಪ್ಪದಲ್ಲಿ ಮೂರ್ನಾಲ್ಕು ಸಾವಿರ ಹಿಡಿಸುತ್ತವೆ. ಇಷ್ಟು ಸಣ್ಣದಿದ್ದರೂ ಅದು ಸೆಕೆಂಡಿಗೆ 15ರಿಂದ 20 ಅಮೈನೋ ಆಮ್ಲ ಪೋಣಿಸುತ್ತದೆ. ನಮ್ಮ ಜೀವಕೋಶದ ರೈಬೋಸೋಮ್ ಸ್ವಲ್ಪ ನಿಧಾನ, ಸೆಕೆಂಡಿಗೆ ಐದಾರು.

## ಎರಡು ತುಂಡು, ನಡುವೆ ಒಂದು ಸಂದು

ರೈಬೋಸೋಮಿಗೆ ಎರಡು ಭಾಗ: ಒಂದು ಚಿಕ್ಕದು, ಒಂದು ದೊಡ್ಡದು. ಕೆಲಸ ಇಲ್ಲದಾಗ ಇವೆರಡೂ ಬೇರೆ ಬೇರೆಯಾಗಿಯೇ ಇರುತ್ತವೆ. ಚೀಟಿ ಸಿಕ್ಕಿದಾಗ ಚಿಕ್ಕದು ಮೊದಲು ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ದೊಡ್ಡದು ಬಂದು ಮೇಲೆ ಕೂರುತ್ತದೆ. ಸರ ಮುಗಿದ ಕೂಡಲೇ ಮತ್ತೆ ಬಿಡಿಬಿಡಿ.

ಚಿಕ್ಕ ಭಾಗದ ಕೆಲಸ ಓದುವುದು. ಚೀಟಿಯ ಮೂರಕ್ಷರಕ್ಕೆ ಸರಿಯಾದ ಟಿಆರ್‌ಎನ್‌ಎ ಬಂದಿದೆಯಾ ಅಂತ ಅದು ತಾಳೆ ನೋಡುತ್ತದೆ. ದೊಡ್ಡ ಭಾಗದ ಕೆಲಸ ಬೆಸೆಯುವುದು. ಹೊಸದಾಗಿ ಬಂದ ಅಮೈನೋ ಆಮ್ಲಕ್ಕೆ ಅಲ್ಲಿಯವರೆಗೆ ಬೆಳೆದ ಸರವನ್ನು ಅಂಟಿಸುತ್ತದೆ. ಎರಡರ ನಡುವಿನ ಸಂದಿನಲ್ಲಿ ಟಿಆರ್‌ಎನ್‌ಎ ಕೂರಲು ಮೂರು ಜಾಗ ಇವೆ. ಒಂದು ಬರುವವರಿಗೆ, ಒಂದು ಸರ ಹಿಡಿದು ನಿಂತವರಿಗೆ, ಇನ್ನೊಂದು ಕೆಲಸ ಮುಗಿಸಿ ಹೊರಡುವವರಿಗೆ. ಪಾಠದಲ್ಲಿ ಇವನ್ನು ಎ, ಪಿ, ಇ ಅನ್ನುತ್ತಾರೆ. ಒಂದೊಂದು ಸಲ ಬೆಸೆದಾಗಲೂ ಎಲ್ಲರೂ ಒಂದು ಜಾಗ ಮುಂದೆ ಸರಿಯುತ್ತಾರೆ, ಚೀಟಿಯೂ ಮೂರಕ್ಷರ ಮುಂದೆ ಜರುಗುತ್ತದೆ.

ಬೆಳೆಯುವ ಸರ ಹೊರಗೆ ಬರಬೇಕಲ್ಲ? ಅದಕ್ಕಾಗಿ ದೊಡ್ಡ ಭಾಗದ ಒಳಗೇ ಒಂದು ಸುರಂಗ ಇದೆ. ಉದ್ದ ಸುಮಾರು 10 ನ್ಯಾನೋಮೀಟರ್. ಮೂವತ್ತು ನಲವತ್ತು ಅಮೈನೋ ಆಮ್ಲ ಒಳಗೇ ಇರುವಷ್ಟು ಉದ್ದ, ಆದರೆ ತುಂಬ ಕಿರಿದು. ಶಾವಿಗೆ ಒರಳಿನ ತೂತಿನಿಂದ ಎಳೆ ಇಳಿಯುವ ಹಾಗೆ ಪ್ರೋಟೀನಿನ ಎಳೆ ಈ ಸುರಂಗದಿಂದ ಇಳಿಯುತ್ತದೆ. ಈ ಸುರಂಗವನ್ನು ನೆನಪಿಟ್ಟುಕೊಳ್ಳಿ. ಮಗಳು ನುಂಗಿದ ಮಾತ್ರೆ ಹೋಗಿ ಕೂರುವುದು ಇಲ್ಲೇ.

ರೈಬೋಸೋಮ್ ಯಾವುದರಿಂದ ಆಗಿದೆ ಅನ್ನುವುದು ನನಗೆ ಇಂದಿಗೂ ಅಚ್ಚರಿಯ ವಿಷಯ. ಪ್ರೋಟೀನ್ ಮಾಡುವ ಯಂತ್ರ ಪ್ರೋಟೀನಿನಿಂದಲೇ ಆಗಿರಬೇಕು ಅಂತ ಅನ್ನಿಸುತ್ತದೆ. ಅದರಲ್ಲಿ ಹತ್ತಾರು ಪ್ರೋಟೀನುಗಳು ಇರುವುದೂ ನಿಜ. ಆದರೆ ಯಂತ್ರದ ತಿರುಳು ಆರ್‌ಎನ್‌ಎ. ರೈಬೋಸೋಮಿನದೇ ಆದ ಈ ಆರ್‌ಎನ್‌ಎಗೆ ಆರ್‌ಆರ್‌ಎನ್‌ಎ ಅಂತ ಹೆಸರು. ಉದ್ದನೆಯ ದಾರ ಮಡಚಿ, ಸುತ್ತಿಕೊಂಡು ಗಟ್ಟಿ ಉಂಡೆಯಾದ ಹಾಗೆ ಅದು ಇರುತ್ತದೆ. 2000ನೇ ಇಸವಿಯಲ್ಲಿ ರೈಬೋಸೋಮಿನ ಒಳಗಿನ ನಕ್ಷೆ ಅಣು ಅಣುವಾಗಿ ಸಿಕ್ಕಿತು. ಆಗ ನೋಡಿದರೆ, ಬೆಸುಗೆ ನಡೆಯುವ ಜಾಗದಲ್ಲಿ ಆ ಕೆಲಸ ಮಾಡಬಲ್ಲ ಪ್ರೋಟೀನೇ ಕಾಣಲಿಲ್ಲ. ಬೆಸೆಯುವ ಕೆಲಸ ಆರ್‌ಎನ್‌ಎಯದೇ! ಪ್ರೋಟೀನುಗಳು ಹೆಚ್ಚಾಗಿ ಹೊರಮೈಯಲ್ಲಿ ಕೂತು ಉಂಡೆ ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತವೆ. ಈ ನಕ್ಷೆಗಳಿಗಾಗಿ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅಡಾ ಯೋನತ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ರಾಮಕೃಷ್ಣನ್ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದವರು.

## ಬಿಡಿಯಾಗಿರುವವು, ಅಂಟಿಕೊಂಡಿರುವವು

ನಮ್ಮ ಜೀವಕೋಶದಲ್ಲಿ ರೈಬೋಸೋಮುಗಳು ಎರಡು ಕಡೆ ಕಾಣುತ್ತವೆ. ಕೆಲವು ಜೀವಕೋಶದ ಒಳದ್ರವದಲ್ಲಿ, ಅಂದರೆ ಸೈಟೋಪ್ಲಾಸಂನಲ್ಲಿ, ಬಿಡಿಯಾಗಿ ಇರುತ್ತವೆ. ಇನ್ನು ಕೆಲವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಮೇಲೆ ಸಾಲಾಗಿ ಅಂಟಿಕೊಂಡಿರುತ್ತವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಪೊರೆ ಎಳ್ಳು ಮೆತ್ತಿದ ಹಾಗೆ ಒರಟಾಗಿ ಕಾಣುತ್ತದೆ. ಅದಕ್ಕೇ ಅದನ್ನು ಒರಟು ಪೊರೆ ಅನ್ನುತ್ತಾರೆ.

ಇವು ಎರಡು ಜಾತಿಯ ರೈಬೋಸೋಮುಗಳು ಅಂತ ತುಂಬ ಮಕ್ಕಳು ತಿಳಿದುಕೊಳ್ಳುತ್ತಾರೆ. ಅಲ್ಲ. ಎರಡೂ ಕಡೆ ಇರುವುದು ಒಂದೇ ಯಂತ್ರ. ಇವತ್ತು ಬಿಡಿಯಾಗಿದ್ದದ್ದು ನಾಳೆ ಪೊರೆಗೆ ಅಂಟಿಕೊಳ್ಳಬಹುದು. ಎಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ನಿರ್ಧರಿಸುವುದು ರೈಬೋಸೋಮ್ ಅಲ್ಲ, ಅದು ಆಗ ಪೋಣಿಸುತ್ತಿರುವ ಸರ.

ಇನ್ಸುಲಿನ್ ಹೇಗೆ ತಯಾರಾಗುತ್ತದೆ ಅಂತ ನೋಡಿದರೆ ಇದು ಸ್ಪಷ್ಟ ಆಗುತ್ತದೆ. ಮೇದೋಜೀರಕದ ಜೀವಕೋಶದಲ್ಲಿ ಇನ್ಸುಲಿನ್ ಚೀಟಿ ಸಿಕ್ಕ ರೈಬೋಸೋಮ್ ಮೊದಲು ಬಿಡಿಯಾಗಿಯೇ ಕೆಲಸ ಶುರು ಮಾಡುತ್ತದೆ. ಪೂರ್ತಿ ಸರದಲ್ಲಿ 110 ಅಮೈನೋ ಆಮ್ಲ. ಅದರಲ್ಲಿ ಮೊದಲ 24 ಒಂದು ವಿಳಾಸದ ಚೀಟಿ ಇದ್ದ ಹಾಗೆ. 'ಇದು ಹೊರಗೆ ಹೋಗಬೇಕಾದ ಮಾಲು' ಅಂತ ಅದರ ಅರ್ಥ. ಆ ತುದಿ ಸುರಂಗದಿಂದ ಹೊರಗೆ ಇಣುಕಿದ ತಕ್ಷಣ ಎಸ್‌ಆರ್‌ಪಿ ಎಂಬ ಕಣ ಬಂದು ಅದನ್ನು ಹಿಡಿಯುತ್ತದೆ. ಪೋಣಿಸುವ ಕೆಲಸಕ್ಕೆ ತಡೆ ಹಾಕಿ, ಇಡೀ ರೈಬೋಸೋಮನ್ನು ಪೊರೆಯ ಹತ್ತಿರ ಕರೆದೊಯ್ಯುತ್ತದೆ. ಪೊರೆಯಲ್ಲಿ ಒಂದು ಕಿಂಡಿ ಇದೆ. ರೈಬೋಸೋಮಿನ ಸುರಂಗದ ಬಾಯಿ ಆ ಕಿಂಡಿಗೆ ಸರಿಯಾಗಿ ಕೂರುತ್ತದೆ. ಕೆಲಸ ಮತ್ತೆ ಶುರುವಾಗುತ್ತದೆ. ಈ ಸಲ ಎಳೆ ನೇರವಾಗಿ ಪೊರೆಯ ಒಳಕ್ಕೆ ಇಳಿಯುತ್ತದೆ. ಒಳಗೆ ಆ 24ರ ತುಂಡು ಕತ್ತರಿಸಿಹೋಗುತ್ತದೆ. ಉಳಿದದ್ದು ಮಡಚಿಕೊಂಡು, ನಡುವಿನ ತುಂಡೂ ಹೋಗಿ, ಕೊನೆಗೆ 51 ಅಮೈನೋ ಆಮ್ಲದ ಇನ್ಸುಲಿನ್ ಆಗಿ ರಕ್ತಕ್ಕೆ ಬರುತ್ತದೆ. ಪ್ರೋಟೀನಿನಲ್ಲೇ ವಿಳಾಸ ಬರೆದಿರುತ್ತದೆ ಅಂತ ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಸಿಕ್ಕಿತು.

ವಿಳಾಸ ಇಲ್ಲದ ಸರಕ್ಕೆ ಈ ಓಡಾಟ ಬೇಕಾಗಿಲ್ಲ. ಹಿಮೋಗ್ಲೋಬಿನ್ ಇರಬೇಕಾದ್ದು ಕೆಂಪು ರಕ್ತಕಣದ ಒಳಗೇ, ಅದನ್ನು ಬಿಡಿ ರೈಬೋಸೋಮುಗಳು ಮಾಡುತ್ತವೆ. ಹೊರಗೆ ಕಳಿಸುವ ಪ್ರೋಟೀನ್ ಮತ್ತು ಪೊರೆಯಲ್ಲೇ ಕೂರುವ ಪ್ರೋಟೀನ್ ಆದರೆ ಸಾಮಾನ್ಯವಾಗಿ ಅಂಟಿದ ರೈಬೋಸೋಮಿನ ಕೆಲಸ.

ಬಿಡಿ ರೈಬೋಸೋಮುಗಳ ಗುರುತನ್ನು ನಾವು ಲ್ಯಾಬಿನಲ್ಲಿ ಕಣ್ಣಾರೆ ನೋಡುತ್ತೇವೆ. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಶುರು ಮಾಡಿದವರಿಗೆ ವಾರದ ಮೇಲೆ ರೆಟಿಕ್ಯುಲೋಸೈಟ್ ಕೌಂಟ್ ಬರೆಯುತ್ತಾರೆ. ರಕ್ತಕ್ಕೆ ನ್ಯೂ ಮೆಥಿಲೀನ್ ಬ್ಲೂ ಬಣ್ಣ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಗಾಜಿನ ಮೇಲೆ ಎಳೆದು ನೋಡಿದರೆ ಕೆಲವು ಕಣಗಳ ಒಳಗೆ ನೀಲಿ ದಾರದ ಬಲೆ ಕಾಣುತ್ತದೆ. ಅವು ಮೂಳೆಮಜ್ಜೆಯಿಂದ ಈಗಷ್ಟೇ ಹೊರಬಿದ್ದ ಎಳೆ ಕಣಗಳು. ಆ ನೀಲಿ ಬಲೆ ಹಿಮೋಗ್ಲೋಬಿನ್ ಮಾಡಿ ಉಳಿದ ರೈಬೋಸೋಮುಗಳ ಆರ್‌ಎನ್‌ಎ. ಒಂದೆರಡು ದಿನದಲ್ಲಿ ಅದೂ ಕರಗಿ ಹೋಗುತ್ತದೆ. ಅಂಥ ಕಣ ಜಾಸ್ತಿ ಕಂಡರೆ ಮಜ್ಜೆ ಚುರುಕಾಗಿದೆ, ಮಾತ್ರೆ ಹತ್ತುತ್ತಿದೆ ಅಂತ ಅರ್ಥ.

## 30 ಮತ್ತು 50 ಸೇರಿದರೆ 70 ಹೇಗೆ?

ಈಗ ಬ್ಯಾಕ್ಟೀರಿಯಾಕ್ಕೂ ನಮಗೂ ಇರುವ ವ್ಯತ್ಯಾಸಕ್ಕೆ ಬರೋಣ. ಬ್ಯಾಕ್ಟೀರಿಯಾದಂಥ, ಕೋಶಕೇಂದ್ರ ಇಲ್ಲದ ಜೀವಿಗಳನ್ನು ಪ್ರೋಕ್ಯಾರಿಯೋಟ್ ಅನ್ನುತ್ತಾರೆ. ಮನುಷ್ಯ, ಗಿಡ, ಯೀಸ್ಟ್ ಹೀಗೆ ಕೋಶಕೇಂದ್ರ ಇರುವವು ಯೂಕ್ಯಾರಿಯೋಟ್. ಮೊದಲನೆಯವರ ರೈಬೋಸೋಮ್ 70ಎಸ್, ನಮ್ಮದು 80ಎಸ್. ಬ್ಯಾಕ್ಟೀರಿಯಾದ ಎರಡು ಭಾಗಗಳು 30ಎಸ್ ಮತ್ತು 50ಎಸ್, ನಮ್ಮವು 40ಎಸ್ ಮತ್ತು 60ಎಸ್.

ಮಗಳು ಇಲ್ಲಿ ನಿಲ್ಲಿಸಿದಳು. "30 ಮತ್ತು 50 ಕೂಡಿದರೆ 80 ಅಲ್ವಾ? ಪುಸ್ತಕದಲ್ಲಿ ತಪ್ಪು ಬರೆದಿದ್ದಾರಾ?" ತಪ್ಪಿಲ್ಲ. ಎಸ್ ಅನ್ನುವುದು ತೂಕದ ಅಳತೆ ಅಲ್ಲ, ಕೆಳಗೆ ಇಳಿಯುವ ವೇಗದ ಅಳತೆ. ಸ್ವೀಡನ್ನಿನ ಥಿಯೋಡೋರ್ ಸ್ವೆಡ್‌ಬರ್ಗ್ ಅವರ ಹೆಸರಿನಿಂದ ಬಂದದ್ದು. ಕಣಗಳನ್ನು ನಳಿಕೆಯಲ್ಲಿ ಹಾಕಿ ತುಂಬ ಜೋರಾಗಿ ತಿರುಗಿಸಿದಾಗ ಯಾವುದು ಎಷ್ಟು ಬೇಗ ತಳ ಸೇರುತ್ತದೆ ಅಂತ ಅದು ಹೇಳುತ್ತದೆ. ಇದು ತೂಕದ ಜೊತೆಗೆ ಆಕಾರವನ್ನೂ ಅವಲಂಬಿಸಿದೆ. ಗಂಟೆಗೆ 30 ಕಿಲೋಮೀಟರ್ ಓಡುವ ಎತ್ತನ್ನೂ 50 ಓಡುವ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಗಾಡಿ 80ರಲ್ಲಿ ಓಡುತ್ತದಾ? ವೇಗವನ್ನು ಹಾಗೆ ಕೂಡಲು ಬರುವುದಿಲ್ಲ. ಅಷ್ಟೇ ವಿಷಯ.

ನಮ್ಮ ರೈಬೋಸೋಮ್ ಬ್ಯಾಕ್ಟೀರಿಯಾದ್ದಕ್ಕಿಂತ ತೂಕದಲ್ಲಿ ಒಂದೂವರೆ ಪಟ್ಟಿಗೂ ಜಾಸ್ತಿ. ಬ್ಯಾಕ್ಟೀರಿಯಾದ್ದರಲ್ಲಿ ಮೂರು ಆರ್‌ಆರ್‌ಎನ್‌ಎ ಮತ್ತು ಐವತ್ತಕ್ಕಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇದ್ದರೆ, ನಮ್ಮದರಲ್ಲಿ ನಾಲ್ಕು ಆರ್‌ಆರ್‌ಎನ್‌ಎ, ಸುಮಾರು 80 ಪ್ರೋಟೀನ್. ತಯಾರಾಗುವ ರೀತಿಯೂ ಬೇರೆ. ನಮ್ಮಲ್ಲಿ ಕೋಶಕೇಂದ್ರದ ಒಳಗೆ ನ್ಯೂಕ್ಲಿಯೋಲಸ್ ಎಂಬ ಜಾಗದಲ್ಲಿ ಎರಡೂ ಭಾಗಗಳ ಜೋಡಣೆ ಶುರುವಾಗಿ, ಹೊರಗೆ ಬಂದ ಮೇಲೆ ಪೂರ್ತಿಯಾಗುತ್ತದೆ. ಚೀಟಿಯೂ ಕೇಂದ್ರದಿಂದ ಹೊರಗೆ ಬಂದ ಮೇಲೆಯೇ ಓದು ಶುರು. ಬ್ಯಾಕ್ಟೀರಿಯಾಕ್ಕೆ ಕೇಂದ್ರದ ಗೋಡೆಯೇ ಇಲ್ಲ. ಚೀಟಿ ಬರೆದು ಮುಗಿಯುವ ಮೊದಲೇ ರೈಬೋಸೋಮ್ ಬಂದು ಓದಲು ಶುರು ಮಾಡಿಬಿಡುತ್ತದೆ.

ಆದರೆ ಮಾತ್ರೆ ಈ ದೊಡ್ಡ ವ್ಯತ್ಯಾಸಗಳನ್ನು ನೋಡಿ ಗುರುತು ಹಿಡಿಯುವುದಿಲ್ಲ. ಯಂತ್ರದ ತಿರುಳು, ಅಂದರೆ ಬೆಸುಗೆಯ ಜಾಗ ಮತ್ತು ಸುರಂಗ, ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇದೆ. ಮಾತ್ರೆ ಹಿಡಿಯುವ ವ್ಯತ್ಯಾಸ ತುಂಬ ಸಣ್ಣದು.

## 2058ನೇ ಅಕ್ಷರ

ಬ್ಯಾಕ್ಟೀರಿಯಾದ ದೊಡ್ಡ ಭಾಗದಲ್ಲಿ 23ಎಸ್ ಎಂಬ ಉದ್ದನೆಯ ಆರ್‌ಆರ್‌ಎನ್‌ಎ ಇದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಅದರ ಉದ್ದ 2904 ಅಕ್ಷರ. ಮಡಚಿಕೊಂಡಾಗ ಅದರ 2058ನೇ ಅಕ್ಷರ ಸುರಂಗದ ಗೋಡೆಯಲ್ಲಿ, ಬೆಸುಗೆಯ ಜಾಗಕ್ಕೆ ಹತ್ತಿರದಲ್ಲಿ ಬಂದು ಕೂರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಆ ಅಕ್ಷರ ಎ, ಅಂದರೆ ಅಡಿನೈನ್. ನಮ್ಮ ರೈಬೋಸೋಮಿನಲ್ಲಿ ಅದೇ ಜಾಗದಲ್ಲಿರುವುದು ಜಿ, ಗ್ವಾನೈನ್.

ಅಜಿತ್ರೋಮೈಸಿನ್ ಮತ್ತು ಅದರ ಅಣ್ಣ ಎರಿತ್ರೋಮೈಸಿನ್ ಸುರಂಗದ ಒಳಗೆ ಹೋಗಿ ಈ ಎ ಅಕ್ಷರಕ್ಕೆ ಒರಗಿ ಕೂರುತ್ತವೆ. ಕೂತರೆ ಸುರಂಗ ಮುಕ್ಕಾಲು ಮುಚ್ಚಿದ ಹಾಗೆ. ಸರ ಕೆಲವು ಹೂವಿನಷ್ಟು ಬೆಳೆದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವು ಪ್ರೋಟೀನುಗಳು ಹೇಗೋ ನುಸುಳಿಕೊಂಡು ಬರುತ್ತವೆ, ಆದರೆ ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಲದು. ಜಿ ಅಕ್ಷರದಲ್ಲಿ ಎ ಅಕ್ಷರಕ್ಕೆ ಇಲ್ಲದ ಒಂದು ಸಣ್ಣ ಗುಂಪು, ಅಮೈನೋ ಗುಂಪು, ಚಾಚಿಕೊಂಡಿದೆ. ಔಷಧಿ ಕೂರಬೇಕಾದ ಜಾಗಕ್ಕೆ ಅದು ಅಡ್ಡ ಬರುತ್ತದೆ.

ಒಂದು ಅಕ್ಷರಕ್ಕೆ ಇಷ್ಟು ಶಕ್ತಿಯಾ ಅಂತ ಅನುಮಾನ ಬರುವುದು ಸಹಜ. 2005ರಲ್ಲಿ ಸ್ಟೈಟ್ಜ್ ಅವರ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ಮೃತ ಸಮುದ್ರದ ಉಪ್ಪುನೀರಿನಲ್ಲಿ ಬದುಕುವ ಹ್ಯಾಲೋಆರ್ಕುಲಾ ಎಂಬ ಸೂಕ್ಷ್ಮಜೀವಿಗೆ ಆ ಜಾಗದಲ್ಲಿ ನಮ್ಮ ಹಾಗೆ ಜಿ ಇದೆ. ಅದೊಂದನ್ನು ಮಾತ್ರ ಎ ಮಾಡಿದರು. ಎರಿತ್ರೋಮೈಸಿನ್ ಅಂಟಿಕೊಳ್ಳುವ ಬಿಗಿ ಹತ್ತು ಸಾವಿರ ಪಟ್ಟು ಹೆಚ್ಚಾಯಿತು. ಆದರೆ ಈ ಅಕ್ಷರವೇ ಎಲ್ಲವೂ ಅಂತ ಹೇಳಲಾಗದು. ಯೀಸ್ಟಿನಲ್ಲಿ ಅದೇ ಅಕ್ಷರ ಬದಲಿಸಿದರೂ ಔಷಧಿ ಹಿಡಿಯಲಿಲ್ಲ. ಸುತ್ತಲಿನ ಗೋಡೆಯ ಆಕಾರವೂ ಲೆಕ್ಕಕ್ಕೆ ಬರುತ್ತದೆ.

ವೈರಸ್ ಜ್ವರಕ್ಕೆ ಈ ಮಾತ್ರೆ ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ವೈರಸ್ಸಿಗೆ ಸ್ವಂತ ರೈಬೋಸೋಮೇ ಇಲ್ಲ. ಅದು ತನ್ನ ಚೀಟಿಯನ್ನು ನಮ್ಮ ರೈಬೋಸೋಮಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತದೆ. ನಮ್ಮದರಲ್ಲಿ ಇರುವುದು ಜಿ. ಸುಮ್ನೆ ಮಾತ್ರೆ ನುಂಗಿದ ಹಾಗಾಗುತ್ತದೆ.

## ತಟ್ಟೆಯಲ್ಲಿ ಕಾಣುವ ಡಿ ಅಕ್ಷರ

ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ. ಕೆಲವು ಆ ಎ ಅಕ್ಷರವನ್ನೇ ಜಿ ಆಗಿ ಬದಲಿಸಿಕೊಂಡಿವೆ. ಇನ್ನು ಕೆಲವಕ್ಕೆ ಅರ್ಮ್ ಎಂಬ ಜೀನ್ ಇದೆ. ಅದು ಮಾಡುವ ಕಿಣ್ವ 2058ನೇ ಎ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪನ್ನು ಅಂಟಿಸುತ್ತದೆ. ಬೀಗದ ತೂತಿಗೆ ಮೇಣ ಮೆತ್ತಿದ ಹಾಗೆ. ಔಷಧಿ ಕೂರುವುದಿಲ್ಲ, ರೈಬೋಸೋಮ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ.

ಇದನ್ನು ನಾವು ಪತ್ತೆ ಹಚ್ಚುವ ರೀತಿ ಹೇಳುತ್ತೇನೆ. ಕೀವಿನ ಸ್ಯಾಂಪಲ್ಲಿನಿಂದ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದಿದೆ ಅಂದುಕೊಳ್ಳಿ. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ತುಂಬ ಸವರಿ, ಮೇಲೆ ಎರಡು ಚಿಕ್ಕ ಬಿಲ್ಲೆ ಇಡುತ್ತೇವೆ. ಒಂದರಲ್ಲಿ ಎರಿತ್ರೋಮೈಸಿನ್, ಇನ್ನೊಂದರಲ್ಲಿ ಕ್ಲಿಂಡಾಮೈಸಿನ್. ನಡುವೆ ಅಂತರ 15ರಿಂದ 26 ಮಿಲಿಮೀಟರ್. ಕ್ಲಿಂಡಾಮೈಸಿನ್ ಬೇರೆ ಮನೆತನದ ಔಷಧಿಯಾದರೂ ಕೂರುವುದು ಹೆಚ್ಚುಕಡಿಮೆ ಅದೇ ಜಾಗದಲ್ಲಿ. ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿಟ್ಟು ಬೆಳಿಗ್ಗೆ ತೆಗೆದರೆ ಎರಿತ್ರೋಮೈಸಿನ್ ಸುತ್ತ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿರುತ್ತದೆ. ಕ್ಲಿಂಡಾಮೈಸಿನ್ ಸುತ್ತ ಖಾಲಿ ವೃತ್ತ ಇರುತ್ತದೆ. ಅದನ್ನೇ ನೋಡಿ 'ಕ್ಲಿಂಡಾಮೈಸಿನ್ ಕೆಲಸ ಮಾಡುತ್ತದೆ' ಅಂತ ಬರೆದರೆ ಮೋಸ ಹೋಗಬಹುದು. ಕೆಲವು ಸಲ ಎರಿತ್ರೋಮೈಸಿನ್ ಕಡೆಗಿನ ಬದಿಯಲ್ಲಿ ಆ ವೃತ್ತ ಚಪ್ಪಟೆಯಾಗಿರುತ್ತದೆ. ಇಂಗ್ಲಿಷಿನ ಡಿ ಅಕ್ಷರದ ಹಾಗೆ.

ಯಾಕೆ ಹೀಗೆ? ಈ ಬ್ಯಾಕ್ಟೀರಿಯಾದಲ್ಲಿ ಅರ್ಮ್ ಜೀನ್ ಇದೆ, ಆದರೆ ಮಲಗಿದೆ. ಎರಿತ್ರೋಮೈಸಿನ್ ಒಳಗೆ ಬಂದು ಒಂದು ರೈಬೋಸೋಮನ್ನು ನಿಲ್ಲಿಸಿದಾಗ, ಆ ನಿಂತದ್ದೇ ಜೀನಿಗೆ ಎಚ್ಚರಿಕೆ. ಅದು ಏಳುತ್ತದೆ, ಮೀಥೈಲ್ ಅಂಟಿಸುವ ಕೆಲಸ ಶುರುವಾಗುತ್ತದೆ. ಕ್ಲಿಂಡಾಮೈಸಿನ್ನಿಗೆ ಅದನ್ನು ಎಬ್ಬಿಸುವ ಶಕ್ತಿ ಕಡಿಮೆ. ಹಾಗಾಗಿ ಎರಿತ್ರೋಮೈಸಿನ್ ಹರಡಿರುವ ಕಡೆ ಮಾತ್ರ ಬ್ಯಾಕ್ಟೀರಿಯಾ ಎಚ್ಚೆತ್ತು, ಕ್ಲಿಂಡಾಮೈಸಿನ್ನಿನ ವೃತ್ತದ ಒಳಗೂ ಬೆಳೆಯುತ್ತದೆ. ಡಿ ಕಂಡರೆ ಕ್ಲಿಂಡಾಮೈಸಿನ್ನಿನ ಮುಂದೆ 'ನಿರೋಧಕ' ಅಂತಲೇ ಬರೆಯುತ್ತೇವೆ. ಚಿಕಿತ್ಸೆಯ ನಡುವೆ ಔಷಧಿ ಕೈಕೊಡಬಹುದು ಅಂತ ಡಾಕ್ಟರಿಗೆ ಅದರಿಂದ ಗೊತ್ತಾಗುತ್ತದೆ.

## ನಮ್ಮೊಳಗೇ ಇರುವ ಬ್ಯಾಕ್ಟೀರಿಯಾದಂಥ ರೈಬೋಸೋಮ್

ಇನ್ನೊಂದು ವಿಷಯ ಹೇಳದಿದ್ದರೆ ಮಗಳ ಪ್ರಶ್ನೆಗೆ ಉತ್ತರ ಪೂರ್ತಿ ಆಗುವುದಿಲ್ಲ. ನಮ್ಮ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಒಳಗೆ ಬೇರೆಯದೇ ರೈಬೋಸೋಮ್ ಇದೆ. ಮೈಟೋಕಾಂಡ್ರಿಯಾ ಬಹಳ ಹಿಂದೆ ಬ್ಯಾಕ್ಟೀರಿಯಾದಿಂದಲೇ ಬಂದದ್ದು. ಆದ್ದರಿಂದ ಅದರ ರೈಬೋಸೋಮ್ 80ಎಸ್ ಅಲ್ಲ, ಮನುಷ್ಯರಲ್ಲಿ 55ಎಸ್. ಅದು ಮಾಡುವುದು ಬರೀ 13 ಪ್ರೋಟೀನ್, ಆದರೆ ಅವಿಲ್ಲದೆ ಉಸಿರಾಟದ ಆಮ್ಲಜನಕವನ್ನು ಬಳಸಿ ಶಕ್ತಿ ಮಾಡಿಕೊಳ್ಳಲು ಆಗುವುದಿಲ್ಲ.

ಬ್ಯಾಕ್ಟೀರಿಯಾದ ರೈಬೋಸೋಮಿಗೆ ಬಿಟ್ಟ ಬಾಣ ಕೆಲವೊಮ್ಮೆ ಇದಕ್ಕೂ ತಾಗುತ್ತದೆ. ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಬೆಸುಗೆಯ ಜಾಗದಲ್ಲೇ ಕೂರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡಾಗ ಕೆಲವರ ಮೈಟೋಕಾಂಡ್ರಿಯಾದ ಕೆಲಸವೂ ಕುಂಠಿತ ಆಗುತ್ತದೆ. ರಕ್ತ ಕಡಿಮೆಯಾಗುವುದು, ಪ್ಲೇಟ್‌ಲೆಟ್ ಇಳಿಯುವುದು, ಪಾದ ಜುಮುಗುಡುವುದು, ಕಣ್ಣು ಮಂಜಾಗುವುದು ಅದರ ಲಕ್ಷಣಗಳು. ಅದಕ್ಕೇ ಆ ರೋಗಿಗಳ ರಕ್ತ ನಮ್ಮ ಲ್ಯಾಬಿಗೆ ಮತ್ತೆ ಮತ್ತೆ ಬರುತ್ತಿರುತ್ತದೆ.

ಕಿವಿಯ ವಿಷಯದಲ್ಲಿ ಮತ್ತೆ ಒಂದೇ ಅಕ್ಷರದ ಕಥೆ. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳು ರೈಬೋಸೋಮಿನ ಚಿಕ್ಕ ಭಾಗವನ್ನು ಹಿಡಿಯುತ್ತವೆ. ಡೋಸ್ ಜಾಸ್ತಿಯಾದರೆ ಇವು ಯಾರ ಕಿವಿಗೂ ತೊಂದರೆ ಕೊಡಬಹುದು. ಆದರೆ ಕೆಲವು ಕುಟುಂಬಗಳಲ್ಲಿ ಮೈಟೋಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲಿ 1555ನೇ ಅಕ್ಷರ ಎ ಇರುವ ಬದಲು ಜಿ ಆಗಿರುತ್ತದೆ. ಆ ಬದಲಾವಣೆಯಿಂದ ಅಲ್ಲಿನ ರೈಬೋಸೋಮಿನ ಚಿಕ್ಕ ಭಾಗ ಬ್ಯಾಕ್ಟೀರಿಯಾದ್ದನ್ನು ಇನ್ನಷ್ಟು ಹೋಲುತ್ತದೆ. ಅಂಥವರಿಗೆ ಸಾಮಾನ್ಯ ಡೋಸಿನಲ್ಲೇ ಕಿವಿ ಕೇಳಿಸದೆ ಹೋಗಬಹುದು, ಹೋದ ಕಿವಿ ಮತ್ತೆ ಬರುವುದಿಲ್ಲ. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಈ ಇಂಜೆಕ್ಷನ್ ಕೊಡುವ ಮೊದಲು "ನಿಮ್ಮ ತಾಯಿ ಕಡೆಯವರಲ್ಲಿ ಯಾರಿಗಾದರೂ ಇಂಜೆಕ್ಷನ್ ತಗೊಂಡ ಮೇಲೆ ಕಿವಿ ಮಂದ ಆಗಿತ್ತಾ?" ಅಂತ ಡಾಕ್ಟರ್ ಕೇಳಿದರೆ, ಅಜ್ಜಿಗೋ ಸೋದರಮಾವನಿಗೋ ಫೋನ್ ಮಾಡಿ ಕೇಳಿಯೇ ಉತ್ತರ ಹೇಳಿ.